ಸೊಂಟದ ಮಾತ್ರೆಗೆ ತಲೆಯಲ್ಲೇ ಕೆಲಸ

ನಮ್ಮ ದೊಡ್ಡಮ್ಮನಿಗೆ ಅರವತ್ತೆಂಟು ವರ್ಷ. ಒಂದು ಸೋಮವಾರ ಬೆಳಿಗ್ಗೆ ಇಪ್ಪತ್ತು ಲೀಟರಿನ ನೀರಿನ ಕ್ಯಾನು ಎತ್ತಲು ಬಗ್ಗಿದವರಿಗೆ ಸೊಂಟ ಹಿಡಿದುಕೊಂಡಿತು. ಮೂಳೆ ಡಾಕ್ಟರ ಹತ್ತಿರ ಹೋದರು. ಎರಡು ಹೊತ್ತು, ಊಟವಾದ ಮೇಲೆ, ಏಳು ದಿನ ಅಂತ ಒಂದು ಮಾತ್ರೆ ಬರೆದುಕೊಟ್ಟರು. ಬುಧವಾರ ನನಗೆ ಫೋನು ಮಾಡಿದಾಗ ದೊಡ್ಡಮ್ಮ ಖುಷಿಯಲ್ಲಿದ್ದರು. "ಒಳ್ಳೇ ಮಾತ್ರೆ ಕಣೋ. ನೋವೂ ಇಳೀತು, ನಿದ್ದೇನೂ ಚೆನ್ನಾಗಿ ಬರ್ತಿದೆ. ಮಧ್ಯಾಹ್ನ ಮಲಗಿದ್ರೆ ನಾಲ್ಕು ಗಂಟೆಗೂ ಎಚ್ಚರ ಆಗಲ್ಲ."

ನಾನು ಹದಿನೆಂಟು ವರ್ಷದಿಂದ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತಿರುವವನು. ಆ ಮಾತು ಕೇಳಿದಾಗಲೇ 'ದೊಡ್ಡಮ್ಮ, ಆ ಸ್ಟ್ರಿಪ್ಪಿನ ಹಿಂದೆ ಏನು ಬರೆದಿದೆ ಓದಿ' ಅನ್ನಬೇಕಿತ್ತು. ಅನ್ನಲಿಲ್ಲ. ನೋವು ಇಳಿದಿದೆ, ನಿದ್ದೆ ಬರ್ತಿದೆ, ಇನ್ನೇನು ಬೇಕು ಅಂದುಕೊಂಡೆ. ಶನಿವಾರ ರಾತ್ರಿ ಹನ್ನೊಂದೂವರೆಗೆ ಬಚ್ಚಲಿಗೆ ಹೋಗಲು ಎದ್ದವರು ಬಾಗಿಲ ಹತ್ತಿರವೇ ಕುಸಿದು ಬಿದ್ದರು.

ಆಮೇಲೆ ಆ ಸ್ಟ್ರಿಪ್ಪನ್ನು ನಾನೇ ನೋಡಿದೆ. ಬೆಳ್ಳಿ ಹಾಳೆಯ ಮೇಲೆ ದೊಡ್ಡಕ್ಷರದಲ್ಲಿ ಕಂಪನಿಯ ಹೆಸರಿಟ್ಟ ಮಾತ್ರೆ, ಹೆಸರಿನ ಬಾಲಕ್ಕೆ 'ಎಂಆರ್' ಎಂಬ ಎರಡಕ್ಷರ. ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಮೂರು ಸಾಲು: ಅಸೆಕ್ಲೊಫೆನಾಕ್ 100 ಮಿ.ಗ್ರಾಂ., ಪ್ಯಾರಸಿಟಮಾಲ್ 325 ಮಿ.ಗ್ರಾಂ., ಟಿಜಾನಿಡಿನ್ 2 ಮಿ.ಗ್ರಾಂ. ಮೊದಲ ಎರಡು ನೋವಿಗೆ. ದೊಡ್ಡಮ್ಮನ ಮಧ್ಯಾಹ್ನದ ನಿದ್ದೆ ಮೂರನೆಯ ಸಾಲಿನದು.

ಈ 'ಎಂಆರ್' ಅನ್ನುವ ಬಾಲದ ಬಗ್ಗೆ ಒಂದು ಮಾತು. ನೋವಿನ ಮಾತ್ರೆಯ ಹೆಸರಿನಲ್ಲಿ ಅದು ಬಂದರೆ ಸಾಮಾನ್ಯವಾಗಿ 'ಮಸಲ್ ರಿಲಾಕ್ಸೆಂಟ್', ಅಂದರೆ ಸ್ನಾಯು ಸಡಿಲಿಸುವ ಔಷಧ ಸೇರಿದೆ ಎಂದರ್ಥ. ಅದೇ ಎರಡಕ್ಷರ ಸಕ್ಕರೆ ಕಾಯಿಲೆಯ ಮಾತ್ರೆಯ ಮೇಲೆ ಇದ್ದರೆ 'ಮಾಡಿಫೈಡ್ ರಿಲೀಸ್', ನಿಧಾನವಾಗಿ ಕರಗುವ ಮಾತ್ರೆ ಎಂದರ್ಥ. ಎರಡಕ್ಕೂ ಸಂಬಂಧವೇ ಇಲ್ಲ. ಇನ್ನು ನೋವಿನ ಎಲ್ಲ ಎಂಆರ್ ಮಾತ್ರೆಗಳಲ್ಲೂ ಟಿಜಾನಿಡಿನ್ನೇ ಇರುತ್ತದೆ ಎಂದೂ ಇಲ್ಲ. ಕೆಲವದರಲ್ಲಿ ಕ್ಲೋರ್‌ಜೋಕ್ಸಜೋನ್ ಇರುತ್ತದೆ. ಹಾಗಾಗಿ ಹೆಸರು ನೋಡಿ ಪ್ರಯೋಜನವಿಲ್ಲ, ಆ ಸಾಸಿವೆ ಅಕ್ಷರಗಳನ್ನೇ ಓದಬೇಕು. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿಕೊಂಡು ಓದಬಹುದು. ನಮ್ಮ ಅಂಗಡಿಗೆ ಬರುವ ಹಿರಿಯರಿಗೆ ಈಗ ಇದನ್ನೇ ಹೇಳಿಕೊಡುತ್ತೇನೆ.

ಸ್ನಾಯು ಸಡಿಲಿಸುವ ಮಾತ್ರೆ ಎಂದ ಕೂಡಲೇ ಅದು ನೇರವಾಗಿ ಸೊಂಟದ ಗಂಟಿಗೆ ಹೋಗಿ ಹರಳೆಣ್ಣೆ ಹಚ್ಚಿ ನೀವಿದ ಹಾಗೆ ಅದನ್ನು ಬಿಡಿಸುತ್ತದೆ ಎಂಬ ಚಿತ್ರ ಮನಸ್ಸಿಗೆ ಬರುತ್ತದೆ. ನಿಜ ಬೇರೆ. ಟಿಜಾನಿಡಿನ್ ಆಗಲಿ ಬ್ಯಾಕ್ಲೊಫೆನ್ ಆಗಲಿ ಸ್ನಾಯುವನ್ನು ಮುಟ್ಟುವುದೇ ಇಲ್ಲ ಎನ್ನಬಹುದು. ಅವು ಕೆಲಸ ಮಾಡುವುದು ಬೆನ್ನುಹುರಿಯಲ್ಲಿ ಮತ್ತು ಮಿದುಳಿನಲ್ಲಿ. ಬಿಗಿ ಹಿಡಿ ಎಂದು ಸ್ನಾಯುವಿಗೆ ಹೋಗುವ ಅಪ್ಪಣೆಯನ್ನು ಅವು ಮೂಲದಲ್ಲೇ ತಗ್ಗಿಸುತ್ತವೆ.

ಟಿಜಾನಿಡಿನ್ ಅದನ್ನು ಮಾಡುವ ಬಗೆ ಹೀಗೆ. ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲಿ ನಾರ್‌ಅಡ್ರಿನಲಿನ್ ಒಂದು. ನಮ್ಮನ್ನು ಎಚ್ಚರವಾಗಿ, ಚುರುಕಾಗಿ ಇಡುವುದರಲ್ಲಿ ಅದರ ಪಾಲು ದೊಡ್ಡದು. ಮಿದುಳಿನ ಕಾಂಡದಲ್ಲಿ ಅದನ್ನು ಹೊರಬಿಡುವ ಒಂದು ಪುಟ್ಟ ಜಾಗವಿದೆ. ಕತ್ತರಿಸಿ ನೋಡಿದರೆ ಸ್ವಲ್ಪ ನೀಲಿಯಾಗಿ ಕಾಣುವುದರಿಂದ ಹಳೆಯ ಅಂಗರಚನಾ ತಜ್ಞರು ಅದಕ್ಕೆ ಲ್ಯಾಟಿನ್ನಿನಲ್ಲಿ 'ನೀಲಿ ತಾಣ' ಎಂದೇ ಹೆಸರಿಟ್ಟರು. ಟಿಜಾನಿಡಿನ್ ನಾರ್‌ಅಡ್ರಿನಲಿನ್ನಿನ ನಲ್ಲಿಯನ್ನು ತಿರುಗಿಸುತ್ತದೆ. ಬೆನ್ನುಹುರಿಯಲ್ಲಿ ನಲ್ಲಿ ಸಣ್ಣದಾದರೆ ಸ್ನಾಯುವಿನ ಬಿಗಿತ ಇಳಿಯುತ್ತದೆ. ನೀಲಿ ತಾಣದಲ್ಲಿ ಸಣ್ಣದಾದರೆ ಕಣ್ಣು ಎಳೆಯುತ್ತದೆ. ರಕ್ತನಾಳ ಮತ್ತು ಹೃದಯವನ್ನು ಆಳುವ ನರಗಳಲ್ಲಿ ಸಣ್ಣದಾದರೆ ಬಿಪಿ ಇಳಿಯುತ್ತದೆ, ನಾಡಿ ನಿಧಾನವಾಗುತ್ತದೆ. ಬಿಪಿಗೆ ಕೊಡುವ ಹಳೆಯ ಔಷಧ ಕ್ಲೋನಿಡಿನ್ ಇದರ ದಾಯಾದಿ. ಆಪರೇಷನ್ ಥಿಯೇಟರಿನಲ್ಲಿ ರೋಗಿಯನ್ನು ಮಲಗಿಸಲು ಬಳಸುವ ಡೆಕ್ಸ್‌ಮೆಡಿಟೊಮಿಡಿನ್ ಕೂಡ ಇದೇ ನಲ್ಲಿಯನ್ನೇ ತಿರುಗಿಸುತ್ತದೆ. ನಿದ್ದೆ ಬರುವುದನ್ನು ಅಡ್ಡಪರಿಣಾಮ ಎಂದು ಪಟ್ಟಿಯ ಕೊನೆಗೆ ಸೇರಿಸುವುದು ನನಗೆ ಯಾಕೋ ಸರಿ ಕಾಣುವುದಿಲ್ಲ. ಸಡಿಲವೂ ಮಂಪರೂ ಒಂದೇ ಕೈ ಮಾಡುವ ಎರಡು ಕೆಲಸ. ಅಮೆರಿಕದಲ್ಲಿ ಈ ಔಷಧದ ಜೊತೆ ಬರುವ ಅಧಿಕೃತ ಮಾಹಿತಿಯ ಪ್ರಕಾರ, ಪರೀಕ್ಷೆಗಳಲ್ಲಿ ದಿನಕ್ಕೆ ಹಲವು ಸಲ ತೆಗೆದುಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಮಂಪರು ಬಂದಿತ್ತು.

ಮಾತ್ರೆ ನುಂಗಿದ ಒಂದು, ಒಂದೂವರೆ ಗಂಟೆಗೆ ರಕ್ತದಲ್ಲಿ ಅದರ ಮಟ್ಟ ತುದಿ ಮುಟ್ಟುತ್ತದೆ. ಸುಮಾರು ಎರಡೂವರೆ ಗಂಟೆಗೊಮ್ಮೆ ಅರ್ಧರ್ಧ ಇಳಿಯುತ್ತದೆ. ಹಾಗಾಗಿ ಒಬ್ಬ ಆರೋಗ್ಯವಂತ ಮನುಷ್ಯನಿಗೆ 2 ಮಿ.ಗ್ರಾಂ. ಮಾತ್ರೆಯೊಂದರಿಂದ ಕೆಲವು ಗಂಟೆ ಜೊಂಪು, ಬಾಯಿ ಒಣಗುವುದು, ಎದ್ದಾಗ ಒಂದಿಷ್ಟು ತಲೆ ಸುತ್ತುವುದು, ಅಷ್ಟೇ. ಬೆಳಗಿನ ಮಾತ್ರೆ ನುಂಗಿ ಆಟೊ ಓಡಿಸುವವನಿಗೆ ಆ ಅಷ್ಟೇ ಸಾಕಾಗುತ್ತದೆ, ಅದು ಬೇರೆ ಮಾತು. ಆದರೆ ದೊಡ್ಡಮ್ಮ ಬಿದ್ದದ್ದು ಟಿಜಾನಿಡಿನ್ ಒಂದರಿಂದಲೇ ಅಲ್ಲ.

ಆ ವಾರ ಅವರ ಹೊಟ್ಟೆಗೆ ಏನೇನು ಹೋಗಿತ್ತು ಎಂದು ಆಮೇಲೆ ಕೂತು ಲೆಕ್ಕ ಹಾಕಿದೆ. ಮಾತ್ರೆಗಳನ್ನೆಲ್ಲ ಅವರು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಾರೆ. ಅದನ್ನು ಹಾಸಿಗೆಯ ಮೇಲೆ ಬೋರಲು ಹಾಕಿದರೆ ಸಾಕಾಯಿತು. ಬಿಪಿಗೆ ಟೆಲ್ಮಿಸಾರ್ಟನ್ 40, ಇದು ದಿನಾ ಬೆಳಿಗ್ಗೆ. ದೊಡ್ಡಪ್ಪ ತೀರಿಕೊಂಡ ಮೇಲೆ ನಿದ್ದೆ ಬರುವುದಿಲ್ಲವೆಂದು ಶುರುವಾದ ಅಲ್ಪ್ರಜೋಲಮ್ 0.25, ಇದು ಆರು ವರ್ಷದಿಂದ ದಿನಾ ರಾತ್ರಿ. ಗುರುವಾರ ನೆಗಡಿಯಾಗಿತ್ತು. ಬೀದಿ ಕೊನೆಯ ಅಂಗಡಿಯಲ್ಲಿ 'ಶೀತದ ಮಾತ್ರೆ ಕೊಡಪ್ಪ' ಅಂತ ಕೇಳಿ ತಂದಿದ್ದರು. ಅದರಲ್ಲಿ ಕ್ಲೋರ್‌ಫೆನಿರಮಿನ್ ಇತ್ತು, ಮೂಗು ಸೋರುವುದನ್ನು ನಿಲ್ಲಿಸುವ, ಹಳೆಯ ಕಾಲದ, ಚೆನ್ನಾಗಿ ನಿದ್ದೆ ಬರಿಸುವ ಔಷಧ. (ಅದರಲ್ಲೂ ಪ್ಯಾರಸಿಟಮಾಲ್ ಇತ್ತು. ನೋವಿನ ಮಾತ್ರೆಯಲ್ಲೂ ಇತ್ತು. ಅದು ಬೇರೆಯೇ ಒಂದು ಲೇಖನ.) ಶುಕ್ರವಾರ ಉರಿಮೂತ್ರ. ಹತ್ತಿರದ ಕ್ಲಿನಿಕ್ಕಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ 500, ಎರಡು ಹೊತ್ತು ಬರೆದರು. ಶುಕ್ರವಾರ ರಾತ್ರಿ ಅದರ ಮೊದಲ ಮಾತ್ರೆ, ಶನಿವಾರ ಬೆಳಿಗ್ಗೆ ಎರಡನೆಯದು, ರಾತ್ರಿ ಮೂರನೆಯದು.

ಮೂಳೆ ಡಾಕ್ಟರಿಗೆ ಅಲ್ಪ್ರಜೋಲಮ್ ಗೊತ್ತಿರಲಿಲ್ಲ. ಅವರು 'ಬೇರೆ ಏನಾದರೂ ಮಾತ್ರೆ ತಗೋತೀರಾ' ಎಂದು ಕೇಳಿದ್ದರಂತೆ. ದೊಡ್ಡಮ್ಮ 'ಬಿಪಿ ಮಾತ್ರೆ ಒಂದೇ' ಅಂದಿದ್ದರು. ಆರು ವರ್ಷದಿಂದ ದಿನಾ ನುಂಗುವುದು ಅವರ ಲೆಕ್ಕದಲ್ಲಿ ಮಾತ್ರೆಯೇ ಅಲ್ಲ, ಅದು ಹಾಸಿಗೆ ಹಾಸಿದ ಹಾಗೆ ಒಂದು ಅಭ್ಯಾಸ. ಕ್ಲಿನಿಕ್ಕಿನವರು ಸೊಂಟದ ಮಾತ್ರೆಯ ಬಗ್ಗೆ ಕೇಳಲಿಲ್ಲ, ಇವರು ಹೇಳಲಿಲ್ಲ. ಅಂಗಡಿಯ ಹುಡುಗ ಯಾವುದನ್ನೂ ಕೇಳಲಿಲ್ಲ.

ಮಂಪರಿನ ಲೆಕ್ಕವನ್ನು ಮೊದಲು ನೋಡೋಣ. ಮನುಷ್ಯನನ್ನು ಎಚ್ಚರವಾಗಿಡಲು ಮಿದುಳು ಒಂದೇ ದೀಪ ಹಚ್ಚಿಟ್ಟಿರುವುದಿಲ್ಲ. ನಾರ್‌ಅಡ್ರಿನಲಿನ್ ಒಂದು ದೀಪ. ಹಿಸ್ಟಮಿನ್ ಇನ್ನೊಂದು, ಕ್ಲೋರ್‌ಫೆನಿರಮಿನ್ ಆರಿಸುವುದು ಅದನ್ನು. ಇವುಗಳಲ್ಲದೆ ಇಡೀ ಮಿದುಳಿಗೆ ಸುಮ್ಮನಿರು ಎಂದು ಹೇಳುವ ಗಾಬಾ ಎಂಬ ರಾಸಾಯನಿಕವಿದೆ. ಅದರ ದನಿಯನ್ನು ಅಲ್ಪ್ರಜೋಲಮ್ ಏರಿಸುತ್ತದೆ. ಒಂದು ದೀಪ ಆರಿದರೆ ಉಳಿದವು ಸಂಭಾಳಿಸುತ್ತವೆ. ಮೂರು ಕಡೆಯಿಂದ ಒಟ್ಟಿಗೆ ಆರಿಸಿದರೆ ಯಾವ ಮಾತ್ರೆಯ ಡೋಸೂ ಹೆಚ್ಚಾಗದೆಯೇ ಮನೆ ಕತ್ತಲಾಗುತ್ತದೆ. ಅಮೆರಿಕದ ವೃದ್ಧರ ವೈದ್ಯಕೀಯ ಸಂಘ ಹೊರತರುವ 'ಬಿಯರ್ಸ್' ಪಟ್ಟಿ ಹಿರಿಯರಲ್ಲಿ ಯಾವ ಔಷಧದ ಬಗ್ಗೆ ಎಚ್ಚರ ಬೇಕು ಎಂದು ಹೇಳುವ ಪಟ್ಟಿ. ಮಿದುಳಿನ ಮೇಲೆ ಕೆಲಸ ಮಾಡುವ ಮೂರು ಅಥವಾ ಹೆಚ್ಚು ಔಷಧಗಳು ಒಟ್ಟಿಗೆ ಬೇಡ, ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚುತ್ತದೆ ಎಂದು ಅದು ಹೇಳುತ್ತದೆ. 2023ರಲ್ಲಿ ಆ ಲೆಕ್ಕಕ್ಕೆ ಸ್ನಾಯು ಸಡಿಲಿಸುವ ಔಷಧಗಳನ್ನೂ ಸೇರಿಸಿದರು.

ಆದರೂ ಗುರುವಾರ, ಶುಕ್ರವಾರ ದೊಡ್ಡಮ್ಮ ತೂಕಡಿಸುತ್ತ, ಗೋಡೆ ಹಿಡಿದುಕೊಂಡು ಹೇಗೋ ಓಡಾಡಿಕೊಂಡೇ ಇದ್ದರು. ಶನಿವಾರ ಬೀಳಿಸಿದ್ದು ನಿದ್ದೆಗೆ ಸಂಬಂಧವೇ ಇಲ್ಲದ ಸಿಪ್ರೊಫ್ಲಾಕ್ಸಾಸಿನ್. ಇದೇ ಈ ಕಥೆಯಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಭಾಗ.

ಹೊಟ್ಟೆಗೆ ಹೋದ ಟಿಜಾನಿಡಿನ್ ಕರುಳಿನಿಂದ ಹೀರಲ್ಪಟ್ಟು ಮೊದಲು ಲಿವರಿಗೆ ಬರುತ್ತದೆ. ಲಿವರಿನ ಬಾಗಿಲಲ್ಲಿ ಸಿವೈಪಿ1ಎ2 ಎಂಬ ಒಂದು ಕಿಣ್ವ ಕಾದಿರುತ್ತದೆ. ಬಂದ ಔಷಧದ ಬಹುಪಾಲನ್ನು ಅದು ಅಲ್ಲೇ ಒಡೆದುಹಾಕುತ್ತದೆ. ಅದರ ಕಣ್ಣು ತಪ್ಪಿಸಿ ಒಳಗೆ ಹೋದ ಸ್ವಲ್ಪವೇ ಮಿದುಳನ್ನು ಮುಟ್ಟುವುದು. 2 ಮಿ.ಗ್ರಾಂ. ಡೋಸು ಎಂದು ತೀರ್ಮಾನಿಸಿರುವುದೇ ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡು. ಸಿಪ್ರೊಫ್ಲಾಕ್ಸಾಸಿನ್ ಬಂದು ಆ ಕಿಣ್ವದ ಕೈ ಕಟ್ಟಿಹಾಕಿದರೆ ಬಂದದ್ದೆಲ್ಲ ಒಳಗೆ ನುಗ್ಗುತ್ತದೆ.

ಎಷ್ಟು ಎಂದು 2004ರಲ್ಲಿ ಫಿನ್‌ಲೆಂಡಿನ ಸಂಶೋಧಕರು ಅಳೆದು ನೋಡಿದರು. ಹತ್ತು ಜನ ಆರೋಗ್ಯವಂತರಿಗೆ ಮೂರು ದಿನ ಸಿಪ್ರೊಫ್ಲಾಕ್ಸಾಸಿನ್ 500 ಎರಡು ಹೊತ್ತು ಕೊಟ್ಟು, ಆಮೇಲೆ ಟಿಜಾನಿಡಿನ್ 4 ಮಿ.ಗ್ರಾಂ. ಒಂದೇ ಒಂದು ಮಾತ್ರೆ ಕೊಟ್ಟರು. ದೇಹಕ್ಕೆ ಸಿಕ್ಕಿದ ಟಿಜಾನಿಡಿನ್ ಸರಾಸರಿ ಹತ್ತು ಪಟ್ಟಾಯಿತು. ತುದಿಯ ಮಟ್ಟ ಏಳು ಪಟ್ಟಾಯಿತು. ಮೇಲಿನ ಬಿಪಿ ಸರಾಸರಿ 35 ಅಂಕ ಇಳಿಯಿತು. ಮನಸ್ಸಿನ ಕಾಯಿಲೆಗೆ ಕೊಡುವ ಫ್ಲೂವೊಕ್ಸಮಿನ್ ಜೊತೆ ಅದೇ ತಂಡ ನೋಡಿದಾಗ ಹತ್ತು ಪಟ್ಟಲ್ಲ, ಮೂವತ್ತಮೂರು ಪಟ್ಟು. ಈ ಎರಡನ್ನೂ ಟಿಜಾನಿಡಿನ್ ಜೊತೆ ಕೊಡಲೇಬಾರದು ಎಂದು ಔಷಧದ ಅಧಿಕೃತ ಮಾಹಿತಿಯಲ್ಲೇ ಬರೆದಿದ್ದಾರೆ. ಎಚ್ಚರಿಕೆಯಿಂದ ಕೊಡಿ ಎಂದಲ್ಲ, ಕೊಡಲೇಬೇಡಿ ಎಂದು.

ಈಗ ದೊಡ್ಡಮ್ಮನ ಶನಿವಾರ ರಾತ್ರಿಗೆ ಬನ್ನಿ. ಒಂಬತ್ತೂವರೆಗೆ ಊಟ. ಊಟವಾದ ಮೇಲೆ ಸೊಂಟದ ಮಾತ್ರೆ, ಉರಿಮೂತ್ರದ ಮಾತ್ರೆ, ಶೀತದ ಮಾತ್ರೆ. ಹತ್ತಕ್ಕೆ ನಿದ್ದೆ ಮಾತ್ರೆ. ಕಿಣ್ವದ ಕೈ ಹಿಂದಿನ ದಿನದಿಂದಲೇ ಕಟ್ಟಿತ್ತು. ಫಿನ್‌ಲೆಂಡಿನ ಲೆಕ್ಕವನ್ನೇ ಇಲ್ಲಿಟ್ಟು ನೋಡಿದರೆ ಅವರು ನುಂಗಿದ 2 ಮಿ.ಗ್ರಾಂ. ಹೆಚ್ಚುಕಡಿಮೆ 20 ಮಿ.ಗ್ರಾಂ. ನುಂಗಿದ ಹಾಗಾಗಿತ್ತು. ಅದು ಹನ್ನೊಂದು ಗಂಟೆ ಹೊತ್ತಿಗೆ ತುದಿ ಮುಟ್ಟುವ ಸಮಯ. ಅದೇ ಹೊತ್ತಿಗೆ ಅಲ್ಪ್ರಜೋಲಮ್ಮೂ ಏರುತ್ತಿತ್ತು. ಬೆಳಗಿನ ಟೆಲ್ಮಿಸಾರ್ಟನ್ ಇಪ್ಪತ್ತನಾಲ್ಕು ಗಂಟೆ ಕೆಲಸ ಮಾಡುವಂಥದ್ದು, ಅದು ಬಿಪಿಯನ್ನು ಮೊದಲೇ ಹಿಡಿದಿಟ್ಟಿತ್ತು. ಉರಿಮೂತ್ರ ಅವರನ್ನು ಎಬ್ಬಿಸಿತು. ಮಲಗಿದ್ದವರು ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯುತ್ತದೆ. ಆಗ ನರಗಳು ಥಟ್ಟನೆ ರಕ್ತನಾಳ ಬಿಗಿದು ಅದನ್ನು ತಲೆಗೆ ತಳ್ಳಬೇಕು. ಆ ಥಟ್ಟನೆ ಬಿಗಿಯುವ ಕೆಲಸ ನಾರ್‌ಅಡ್ರಿನಲಿನ್ನಿನದು. ಅದರ ನಲ್ಲಿ ಅವತ್ತು ಪೂರ್ತಿ ಮುಚ್ಚಿತ್ತು.

ಸದ್ದು ಕೇಳಿ ಓಡಿದ ಅಣ್ಣನಿಗೆ ಮೊದಲು ಹೊಳೆದದ್ದು ಲಕ್ವ. ಮಾತು ತೊದಲುತ್ತಿತ್ತು, ಕರೆದರೆ ಕಣ್ಣು ಬಿಟ್ಟು 'ಹೂಂ' ಅಂದು ಮತ್ತೆ ಮುಚ್ಚುತ್ತಿದ್ದರು. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಅದು ಸರಿಯಾದದ್ದೇ. ಇದು ಮಾತ್ರೆಯ ಮಂಪರು, ಬೆಳಿಗ್ಗೆ ಇಳಿಯುತ್ತದೆ ಎಂದು ಮನೆಯಲ್ಲೇ ಕೂತು ತೀರ್ಮಾನ ಮಾಡುವುದು ಯಾರಿಂದಲೂ ಆಗದ ಕೆಲಸ. ಅಲ್ಲಿ ಬಿಪಿ 84/50, ನಾಡಿ 50. ತಲೆಯ ಸ್ಕ್ಯಾನು ಸರಿಯಿತ್ತು, ಸಕ್ಕರೆ ಸರಿಯಿತ್ತು, ಎಡಗೈ ಮಣಿಕಟ್ಟು ಮುರಿದಿತ್ತು. ರಾತ್ರಿ ಪಾಳಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ 'ತಗೊಳ್ಳೋ ಮಾತ್ರೆ ಎಲ್ಲ ತಂದಿದ್ದೀರಾ' ಎಂದು ಕೇಳಿದರು. ಅಣ್ಣ ಗಾಬರಿಯಲ್ಲೂ ಆ ಬಿಸ್ಕತ್ತಿನ ಡಬ್ಬಿಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದ. ಅದನ್ನು ನೋಡಿದ ಎರಡು ನಿಮಿಷದಲ್ಲಿ ಅವರಿಗೆ ವಿಷಯ ಗೊತ್ತಾಯಿತು. ಟಿಜಾನಿಡಿನ್‌ಗೆ ಎದುರಾಗಿ ಕೊಡುವ ಮದ್ದು ಅಂತ ಇಲ್ಲ. ಡ್ರಿಪ್ ಹಾಕಿ, ಕಾಲು ಎತ್ತರಕ್ಕಿಟ್ಟು, ಹೃದಯದ ಮಾನಿಟರ್ ಹಚ್ಚಿ, ಉಸಿರು ನೋಡುತ್ತ ಬೆಳಗಾಗುವುದನ್ನು ಕಾದರು. ಬೆಳಿಗ್ಗೆ ಆರಕ್ಕೆ ಬಿಪಿ ನೂರರ ಮೇಲೆ ಬಂತು. ತೂಕಡಿಕೆ ಮಾತ್ರ ಮಧ್ಯಾಹ್ನದವರೆಗೂ ಇತ್ತು, ಏಕೆಂದರೆ ಅಲ್ಪ್ರಜೋಲಮ್ ವಯಸ್ಸಾದವರ ಮೈಯಿಂದ ಬೇಗ ಹೋಗುವುದಿಲ್ಲ.

ಅವರು ಮಾಡಿದ ಇನ್ನೊಂದು ಕೆಲಸ ನನಗೆ ಮೆಚ್ಚಿಗೆಯಾಯಿತು. ಸೊಂಟದ ಮಾತ್ರೆ ನಿಲ್ಲಿಸಿದರು, ಶೀತದ್ದು ನಿಲ್ಲಿಸಿದರು, ಉರಿಮೂತ್ರಕ್ಕೆ ಬೇರೆ ಔಷಧ ಬರೆದರು. ಅಲ್ಪ್ರಜೋಲಮ್ಮನ್ನು ಮಾತ್ರ ಅವತ್ತೇ ಪೂರ್ತಿ ನಿಲ್ಲಿಸಲಿಲ್ಲ. ಆರು ವರ್ಷ ದಿನಾ ತೆಗೆದುಕೊಂಡದ್ದನ್ನು ಒಂದೇ ದಿನ ಕಿತ್ತುಹಾಕಿದರೆ ನಡುಕ, ನಿದ್ದೆಗೇಡು, ಕೆಲವರಿಗೆ ಫಿಟ್ಸೇ ಬರುತ್ತದೆ. ಅದನ್ನು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. 'ಎಲ್ಲಾ ಮಾತ್ರೆ ಬಿಸಾಕಿ' ಎನ್ನುವ ನೆಂಟರು ಎಲ್ಲ ಮನೆಯಲ್ಲೂ ಒಬ್ಬರು ಇರುತ್ತಾರೆ, ಆಸ್ಪತ್ರೆಯ ವರಾಂಡದಲ್ಲಿ ನಮ್ಮವರೂ ಇದ್ದರು.

ಇಷ್ಟೆಲ್ಲ ಆದ ಮೇಲೆ ಆ ಟಿಜಾನಿಡಿನ್ ಬೇಕಿತ್ತೇ ಎಂಬ ಪ್ರಶ್ನೆ ಬರುತ್ತದೆ. ಈ ಔಷಧದ ಮೂಲ ಕೆಲಸ ಬೇರೆ. ಲಕ್ವ ಹೊಡೆದ ಮೇಲೆ, ಬೆನ್ನುಹುರಿಗೆ ಪೆಟ್ಟಾದ ಮೇಲೆ ಕೈಕಾಲು ಸೆಟೆದು ಬಿಗಿಯುತ್ತದಲ್ಲ, ಅದಕ್ಕೆ ಕೊಡಲು ಬಂದದ್ದು. ಅಲ್ಲಿ ಅದರ ಉಪಯೋಗ ದೊಡ್ಡದು. ಕ್ಯಾನು ಎತ್ತಿ ಹಿಡಿದುಕೊಂಡ ಸೊಂಟಕ್ಕೆ ಎಷ್ಟು ಉಪಯೋಗ? 2021ರಲ್ಲಿ ಬ್ರಿಟನ್ನಿನ 'ಬಿಎಂಜೆ' ಪತ್ರಿಕೆಯಲ್ಲಿ ಆವರೆಗಿನ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಲೇಖನ ಬಂತು. ಹೊಸದಾಗಿ ಹಿಡಿದುಕೊಂಡ ಸೊಂಟನೋವಿನಲ್ಲಿ ಇಂಥ ಔಷಧಗಳು ಎರಡು ವಾರದೊಳಗೆ ನೋವನ್ನು ನೂರು ಅಂಕದ ಅಳತೆಯಲ್ಲಿ ಸುಮಾರು ಎಂಟು ಅಂಕ ಇಳಿಸಬಹುದು, ಆ ಫಲಿತಾಂಶವನ್ನೂ ಪೂರ್ತಿ ನಂಬುವ ಹಾಗಿಲ್ಲ ಎಂಬುದು ಅವರ ತೀರ್ಮಾನ. ಎಂಟು ಅಂಕ ರೋಗಿಗೆ ಗೊತ್ತಾಗುವುದೇ ಕಷ್ಟ. ಎರಡು ಮೂರು ರಾತ್ರಿ ಮಗ್ಗುಲಾಗಲು ಆಗದೆ ಒದ್ದಾಡುವವರಿಗೆ ಮಲಗುವಾಗ ಒಂದು ಮಾತ್ರೆ ಕೊಡುವುದನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ಬೆಳಿಗ್ಗೆಯೂ ಒಂದು ಯಾಕೆ, ಏಳು ದಿನ ಯಾಕೆ ಎಂದು ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ. ಮೂರೂ ಸೇರಿದ ಮಾತ್ರೆಯ ತೊಂದರೆಯೇ ಇದು. ನೋವಿನ ಔಷಧ ಎರಡು ಹೊತ್ತು ಬೇಕೆಂದರೆ ಮಂಪರಿನದೂ ಎರಡು ಹೊತ್ತು ಹೊಟ್ಟೆಗೆ ಹೋಗುತ್ತದೆ.

ಬ್ಯಾಕ್ಲೊಫೆನ್ ಕಥೆ ಬೇರೆ ದಾರಿಯದು. 1962ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಅದನ್ನು ತಯಾರಿಸಿದ್ದು ಫಿಟ್ಸಿಗೆಂದು. ಫಿಟ್ಸಿಗೆ ಅದು ಹಿಡಿಸಲಿಲ್ಲ, ಸೆಟೆದ ಸ್ನಾಯುವಿಗೆ ಹಿಡಿಸಿತು. ಅಲ್ಪ್ರಜೋಲಮ್ ಗಾಬಾದ ಒಂದು ಬೀಗಕ್ಕೆ ಕೈ ಹಾಕಿದರೆ ಇದು ಇನ್ನೊಂದು ಬೀಗವನ್ನು ತೆರೆಯುತ್ತದೆ. ಎರಡರ ಹಿಂದಿನ ಕೋಣೆ ಒಂದೇ, ಸುಮ್ಮನಾಗಿಸುವ ಕೋಣೆ. ಹಾಗಾಗಿ ಇವೆರಡು ಸೇರಿದರೆ ಮಂಪರು ಆಳವಾಗುತ್ತದೆ. ಟ್ರಮಡಾಲ್‌ನಂಥ ಗಟ್ಟಿ ನೋವಿನ ಮಾತ್ರೆ, ನರದ ನೋವಿಗೆ ಕೊಡುವ ಪ್ರಿಗಾಬಲಿನ್, ಗಾಬಾಪೆಂಟಿನ್, ಸಂಜೆಯ ಎರಡು ಪೆಗ್ಗು ಇವುಗಳ ಜೊತೆ ಸೇರಿದರೆ ಉಸಿರೇ ನಿಧಾನವಾಗುತ್ತದೆ. ಕುಡಿತ ಬಿಡಿಸಲು ಕೆಲವು ಡಾಕ್ಟರುಗಳು ಬ್ಯಾಕ್ಲೊಫೆನ್ ಕೊಡುತ್ತಾರೆ. ಮಾತ್ರೆ ನುಂಗುತ್ತ ಕುಡಿಯುವುದನ್ನೂ ಮುಂದುವರಿಸುವವನಿಗೆ ಈ ಅಪಾಯ ಎದುರಿಗೇ ಕೂತಿರುತ್ತದೆ.

ಆದರೆ ಬ್ಯಾಕ್ಲೊಫೆನ್‌ನ ಮುಖ್ಯ ತಂಟೆ ಕಿಡ್ನಿಯಲ್ಲಿದೆ. ಟಿಜಾನಿಡಿನ್ನನ್ನು ಲಿವರು ಒಡೆಯುತ್ತದೆ. ಬ್ಯಾಕ್ಲೊಫೆನ್ ಹೆಚ್ಚಿನ ಪಾಲು ಇದ್ದ ಹಾಗೆಯೇ ಮೂತ್ರದಲ್ಲಿ ಹೋಗಬೇಕು. ಕಿಡ್ನಿ ಸೋತವರಲ್ಲಿ ಹೋಗುವ ದಾರಿಯೇ ಮುಚ್ಚಿರುತ್ತದೆ. ಅಂಥವರಿಗೆ ಇದನ್ನು ಯಾಕೆ ಕೊಡುತ್ತಾರೆ ಎಂದರೆ ಬಿಕ್ಕಳಿಕೆಗೆ. ನಮಗೆ ನಿಮಗೆ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ನೀರು ಕುಡಿದು ಮರೆಯುತ್ತೇವೆ. ಡಯಾಲಿಸಿಸ್ ರೋಗಿಗಳಿಗೆ ಬರುವುದು ಆ ಬಗೆಯದಲ್ಲ, ದಿನಗಟ್ಟಲೆ ನಿಲ್ಲದೆ ಊಟ ನಿದ್ದೆ ಎರಡನ್ನೂ ಕಿತ್ತುಕೊಳ್ಳುವಂಥದ್ದು. ಅದಕ್ಕೆ ಬ್ಯಾಕ್ಲೊಫೆನ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದೂ ನಿಜ. ಕಿಡ್ನಿಯ ವಿಷಯ ಗೊತ್ತಿಲ್ಲದ ಯಾರೋ 10 ಮಿ.ಗ್ರಾಂ. ಮೂರು ಹೊತ್ತು ಎಂದು ಬರೆದುಕೊಟ್ಟರೆ ಬಿಕ್ಕಳಿಕೆ ನಿಲ್ಲುತ್ತದೆ. ಎರಡನೆಯ ದಿನಕ್ಕೋ ಮೂರನೆಯ ದಿನಕ್ಕೋ ಮನುಷ್ಯ ಮಂಕಾಗುತ್ತಾನೆ. ಮಗನನ್ನು ತಮ್ಮ ಎಂದು ಕರೆಯುತ್ತಾನೆ, ಇಲ್ಲದವರ ಜೊತೆ ಮಾತಾಡುತ್ತಾನೆ, ಕೈಕಾಲು ಆಗಾಗ ಚಿಮ್ಮುತ್ತವೆ, ಕೊನೆಗೆ ಎಬ್ಬಿಸಿದರೂ ಏಳುವುದಿಲ್ಲ. ಮನೆಯವರು ಕಿಡ್ನಿಯ ವಿಷ ತಲೆಗೇರಿತು ಎಂದುಕೊಳ್ಳುತ್ತಾರೆ. ಏರಿರುವುದು ಮಾತ್ರೆ. ಇಂಥವರಲ್ಲಿ ದಿನಕ್ಕೆ 5 ಮಿ.ಗ್ರಾಂ. ಕೂಡ ಹೀಗೆ ಮಾಡಿದ ಉದಾಹರಣೆಗಳಿವೆ.

ಕೆನಡಾದ ಆಂಟೇರಿಯೊ ಪ್ರಾಂತ್ಯದಲ್ಲಿ ಕಿಡ್ನಿ ಕಾಯಿಲೆಯಿದ್ದು ಬ್ಯಾಕ್ಲೊಫೆನ್ ಶುರು ಮಾಡಿದ ಸಾವಿರಾರು ಹಿರಿಯರ ದಾಖಲೆಗಳನ್ನು ನೋಡಿ 2019ರಲ್ಲಿ ಒಂದು ವರದಿ ಬಂತು. ದಿನಕ್ಕೆ 20 ಮಿ.ಗ್ರಾಂ. ಅಥವಾ ಹೆಚ್ಚು ತೆಗೆದುಕೊಂಡವರಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಜನ ಒಂದೇ ತಿಂಗಳೊಳಗೆ ಮತಿಗೆಟ್ಟು ಆಸ್ಪತ್ರೆ ಸೇರಿದ್ದರು. ಕಡಿಮೆ ಡೋಸಿನವರಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ. ಸಮಾಧಾನದ ಸಂಗತಿಯೆಂದರೆ ಡಯಾಲಿಸಿಸ್ ಈ ಔಷಧವನ್ನು ರಕ್ತದಿಂದ ಚೆನ್ನಾಗಿಯೇ ತೊಳೆಯುತ್ತದೆ. ವಿಷಯ ಬೇಗ ಹೊಳೆದರೆ ಹೆಚ್ಚಿನವರು ಒಂದೆರಡು ಸಲದಲ್ಲಿ ತಿಳಿಯಾಗುತ್ತಾರೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ದರೆ ಈ ಲೇಖನ ಓದಿ ಯಾರಾದರೂ ಮಾತ್ರೆ ಬಿಸಾಡಿಯಾರು. ಬೆನ್ನುಹುರಿಯ ಪೆಟ್ಟಿನಿಂದ ಕಾಲು ಸೆಟೆದವರು ಬ್ಯಾಕ್ಲೊಫೆನ್ನನ್ನು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. 5 ಮಿ.ಗ್ರಾಂ. ಮೂರು ಹೊತ್ತಿನಿಂದ ಶುರು ಮಾಡಿ ಮೂರ್ನಾಲ್ಕು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸುತ್ತ ಹೋಗುತ್ತಾರೆ. ಮೊದಮೊದಲ ಮಂಪರು ಬಹಳ ಜನರಲ್ಲಿ ಕೆಲವು ವಾರದಲ್ಲಿ ತಗ್ಗುತ್ತದೆ. ಅಂಥವರು ಊರಿಗೆ ಹೋದಾಗ ಮಾತ್ರೆ ಮರೆತೋ, ಸ್ಟಾಕಿಲ್ಲವೆಂದೋ ಥಟ್ಟನೆ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಮೈ ಮೊದಲಿಗಿಂತ ಬಿಗಿಯಾಗಿ ಸೆಟೆಯಬಹುದು, ಜ್ವರ ಏರಬಹುದು, ಇಲ್ಲದ್ದು ಕಾಣಬಹುದು, ಫಿಟ್ಸು ಬರಬಹುದು. ಹೆಚ್ಚು ಡೋಸಿನ ಟಿಜಾನಿಡಿನ್ನನ್ನು ಬಹುಕಾಲ ತೆಗೆದುಕೊಂಡು ಥಟ್ಟನೆ ಬಿಟ್ಟರೆ ಬಿಪಿ ಮತ್ತು ನಾಡಿ ಜಿಗಿಯುತ್ತವೆ. ದೊಡ್ಡಮ್ಮನ ಐದಾರು ದಿನದ ಮಾತ್ರೆಗೆ ಈ ಮಾತು ಹೊಂದುವುದಿಲ್ಲ.

ಮಂಪರು ಎಲ್ಲಿಯವರೆಗೆ ಬರೀ ಮಂಪರು, ಎಲ್ಲಿಂದ ಅಪಾಯ ಎಂದು ಅಂಗಡಿಯಲ್ಲಿ ಜನ ಕೇಳುತ್ತಾರೆ. ಮಲಗಿದವರನ್ನು ಹೆಸರು ಹಿಡಿದು ಕರೆಯಿರಿ. ಕಣ್ಣು ಬಿಟ್ಟು, ತಾವು ಎಲ್ಲಿದ್ದೇವೆಂದು ಸ್ಪಷ್ಟವಾಗಿ ಹೇಳಿ, ಎದ್ದು ಕೂತು ನೀರು ಕುಡಿದರೆ ಅದು ನಿದ್ದೆ. ಕರೆದರೆ ಹೂಂಗುಟ್ಟಿ ಮತ್ತೆ ಮುಳುಗುವುದು, ಮಾತು ತೊದಲುವುದು, ಭುಜ ಅಲುಗಿಸಿದರೆ ಮಾತ್ರ ಅಲುಗುವುದು ನಿದ್ದೆಯಲ್ಲ. ಆಮೇಲೆ ಎದೆಯ ಮೇಲೆ ಕಣ್ಣಿಟ್ಟು ಒಂದು ನಿಮಿಷ ಉಸಿರು ಎಣಿಸಿ. ದೊಡ್ಡವರಲ್ಲಿ ಹನ್ನೆರಡರಿಂದ ಇಪ್ಪತ್ತು ಇರಬೇಕು. ಹತ್ತಕ್ಕಿಂತ ಕಡಿಮೆಯಾದರೆ, ಗಂಟಲಲ್ಲಿ ಗೊರಗೊರ ಸದ್ದು ಬಂದರೆ, ತುಟಿ ನೀಲಿಗಟ್ಟಿದರೆ 108ಕ್ಕೆ ಫೋನು ಮಾಡಿ. ಗಾಡಿ ಬರುವವರೆಗೆ ಮಗ್ಗುಲಾಗಿ ಮಲಗಿಸಿ, ವಾಂತಿಯಾದರೆ ಅದು ಉಸಿರಿನ ದಾರಿಗೆ ಇಳಿಯದ ಹಾಗೆ. ಎಬ್ಬಿಸಲು ಕಾಫಿ ಕುಡಿಸುವುದು, ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು ಬೇಡ. ಮಾತ್ರೆಯ ಡಬ್ಬಿ ಜೊತೆಗೆ ಹೋಗಲಿ.

ದೊಡ್ಡಮ್ಮನ ಕೈಯ ಪ್ಲಾಸ್ಟರು ಆರು ವಾರಕ್ಕೆ ಬಿಚ್ಚಿದರು. ಅಲ್ಪ್ರಜೋಲಮ್ ಈಗ ಅರ್ಧ ಮಾತ್ರೆಗೆ ಬಂದಿದೆ. ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ದಿನಾ ತೆಗೆದುಕೊಳ್ಳುವ ಪ್ರತಿ ಮಾತ್ರೆಯ ಒಳಗಿನ ಔಷಧದ ಹೆಸರು, ಎಷ್ಟು ಮಿ.ಗ್ರಾಂ., ಯಾವ ಹೊತ್ತು ಎಂದು ದಪ್ಪ ಅಕ್ಷರದಲ್ಲಿ ಬರೆದದ್ದು. ನಿದ್ದೆ ಬರಿಸುವಂಥದ್ದರ ಪಕ್ಕ ಕೆಂಪು ಚುಕ್ಕೆ. ಎಲ್ಲಿ ಹೋದರೂ ಡಬ್ಬಿಯನ್ನೇ ಮುಂದಿಡಿ ಎಂದು ಹೇಳಿದ್ದೇನೆ. ಮೊನ್ನೆ ಹೋದಾಗ ಬೇಡದ್ದನ್ನು ತೆಗೆಯೋಣವೆಂದು ಹುಡುಕಿದರೆ ಆ ಎಂಆರ್ ಸ್ಟ್ರಿಪ್ಪು ಕಾಣಲಿಲ್ಲ. ಇನ್ನೂ ಮೂರು ಮಾತ್ರೆ ಉಳಿದಿತ್ತಲ್ಲ ಎಂದು ಕೇಳಿದೆ.

"ಅಯ್ಯೋ, ಪಕ್ಕದ ಮನೆಯವರಿಗೆ ಸೊಂಟ ಹಿಡಿದಿತ್ತು ಕಣೋ. ಸುಮ್ನೆ ಹಾಳಾಗುತ್ತಲ್ಲ ಅಂತ ಕೊಟ್ಟುಬಿಟ್ಟೆ."

"ಅವರು ರಾತ್ರಿ ನಿದ್ದೆಗೆ ಏನಾದ್ರೂ ತಗೋತಾರಾ ದೊಡ್ಡಮ್ಮ?"

"ನಂಗೇನಪ್ಪ ಗೊತ್ತು" ಅಂದವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು, ಚಪ್ಪಲಿಯನ್ನೂ ಹಾಕಿಕೊಳ್ಳದೆ ಗೇಟಿನ ಕಡೆ ನಡೆದರು.